ಎರಡೇ ನಿಮಿಷ ಸರ್

ತೀರ್ಥಹಳ್ಳಿ ಬಸ್ಸು ಗಾಜನೂರು ದಾಟಿತ್ತು. ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿದ್ದೆ. ಅಷ್ಟರಲ್ಲಿ ಕಂಪನಿಗಳಿಗೆ ಜನ ಹುಡುಕಿಕೊಡುವವರ ಫೋನು. "ಸರ್, ಈಗ ಮಾತಾಡಬಹುದಾ? ಎರಡೇ ನಿಮಿಷ." ಉತ್ತರಕ್ಕೆ ಆಕೆ ಕಾಯಲಿಲ್ಲ. "ಕರೆಂಟ್ ಸಿಟಿಸಿ ಎಷ್ಟು? ಎಕ್ಸ್‌ಪೆಕ್ಟೇಶನ್? ನೋಟಿಸ್ ಪೀರಿಯಡ್?" ಯಾವ ಕಂಪನಿ, ಎಂಥ ಕೆಲಸ, ಯಾವ ಊರು, ಒಂದೂ ಇಲ್ಲ.

ಬಸ್ಸಿನಲ್ಲಿ ಸಂಬಳ ಹೇಳಿದರೆ ಮಂಡಗದ್ದೆ ಬರುವಷ್ಟರಲ್ಲಿ ಡ್ರೈವರಿಗೂ ತಿಳಿದಿರುತ್ತದೆ. "ಪ್ರಯಾಣದಲ್ಲಿದ್ದೇನೆ. ಕಂಪನಿ ಹೆಸರು, ಕೆಲಸದ ವಿವರ ಮೇಲ್ ಮಾಡಿ. ಸಂಜೆ 6ರ ಮೇಲೆ ಮಾತಾಡೋಣ" ಎಂದೆ. ಇಂಥ ಫೋನಿಗೆ ಇಷ್ಟು ಸಾಕು. ಕೈಯಲ್ಲಿ ನಿಜವಾಗಿ ಕೆಲಸ ಇರುವವರು ಸಮಯ ಗುರುತು ಹಾಕಿಕೊಳ್ಳುತ್ತಾರೆ. ಶೀಟ್ ತುಂಬಿಸಬೇಕಾದವರು ಬಿಡುವುದಿಲ್ಲ. "ಅಂದಾಜು ಹೇಳಿದ್ರೂ ಸಾಕು ಸರ್" ಎಂದಳು ಈಕೆ. ಪುಣ್ಯಕ್ಕೆ ಸಿಗ್ನಲ್ ಹೋಯಿತು.

"ಅದೆಂತ ಮಾರಾಯ ಸಿಟಿಸಿ ಅಂದ್ರೆ?" ಪಕ್ಕದಲ್ಲಿದ್ದ ಹಿರಿಯರು ಕೇಳಿದರು. ಬೇರೆಯವರ ಫೋನನ್ನು ಅಷ್ಟು ಗಮನವಿಟ್ಟು ಕೇಳಿದ್ದಾರಲ್ಲ, ಹೇಳದೆ ಇರುವುದು ಹೇಗೆ?

ನಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು ಅದು, ಸುಮ್ನೆ ಲೆಕ್ಕಕ್ಕೆ ವರ್ಷಕ್ಕೆ 12 ಲಕ್ಷ ಅಂತ ಇಟ್ಟುಕೊಳ್ಳಿ ಎಂದೆ. ಅದರಲ್ಲಿ ಹತ್ತನೇ ಒಂದು ಪಾಲು ವೇರಿಯಬಲ್, ಅಂದರೆ ಕಂಪನಿ ಮನಸ್ಸು ಮಾಡಿದರೆ ಕೊಡುವ 1.2 ಲಕ್ಷ. ಬೇಸಿಕ್ 4.8 ಲಕ್ಷ ಇದ್ದರೆ ಅದರ ಶೇ. 12ರಂತೆ ಕಂಪನಿ ಕಟ್ಟುವ ಪಿಎಫ್ 57,600 ಕೂಡ ಇದರೊಳಗೇ. ಗ್ರಾಚ್ಯುಟಿಗೆಂದು ಸುಮಾರು 23 ಸಾವಿರ ಬೇರೆ. ಉಳಿದದ್ದು ಹತ್ತು ಲಕ್ಷಕ್ಕೂ ಒಂಚೂರು ಕಮ್ಮಿ. ಆಮೇಲೆ ಅದರಿಂದ ನಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ.

"ಹಸಿ ಅಡಿಕೆ ತೂಕ ಅನ್ನು ಹಾಗಾದ್ರೆ!" ಎಂದರು. ಮುಗಿಯಿತು, ಅವರ ಅಡಿಕೆ ಪುರಾಣ ಶುರು. ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರೋದು ಹದಿಮೂರು ಕೆಜಿ ಆಸುಪಾಸು. ಅಷ್ಟರಲ್ಲಿ ಅಂಗಳದ ಮೇಲೆ ಮೋಡ. ಟಾರ್ಪಾಲು ಎಳೆಯಲು ಜನ ಇಲ್ಲ. ಸುಲಿಯಲು ಬರುತ್ತೇನೆಂದವಳು ಬೇರೆಯವರ ಮನೆಗೆ ಹೋದಳು. ಚೊಗರು ಸರಿಯಾಗಲಿಲ್ಲ, ಬಣ್ಣ ಬರಲಿಲ್ಲ. ಮಂಡಿಯವರು ಒಂದು ಹಿಡಿ ಅಡಿಕೆ ಕೈಗೆ ತಗೊಂಡು, ಒಂದನ್ನು ಕತ್ತರಿಸಿ, ಮುಖ ಹುಳಿ ಮಾಡಿದರು. ಆ ಮುಖವನ್ನೂ ಮಾಡಿ ತೋರಿಸಿದರು. ಮಂಡಗದ್ದೆ ಯಾವಾಗ ಹೋಯಿತೋ ನನಗೆ ಗೊತ್ತಾಗಲಿಲ್ಲ. ಅಲ್ಲಿನ ಪಕ್ಷಿಧಾಮದ ಹಕ್ಕಿಗಳನ್ನು ನೋಡಬೇಕೆಂದೇ ಆ ಬದಿಯ ಸೀಟು ಹಿಡಿದಿದ್ದೆ.

ಅವರ ಲೆಕ್ಕ ಮಾತ್ರ ಸರಿ. ಸಿಟಿಸಿ ಕೇಳಿದವರಿಗೆ ಫಿಕ್ಸೆಡ್ ಇಷ್ಟು, ವೇರಿಯಬಲ್ ಇಷ್ಟು ಅಂತ ಬಿಡಿಸಿಯೇ ಹೇಳಬೇಕು. ಹೊಸ ಆಫರನ್ನೂ ಹಾಗೇ ಬಿಡಿಸಿ ಕೇಳಬೇಕು. ಇಲ್ಲದಿದ್ದರೆ ಶೇ. 30 ಜಾಸ್ತಿ ಅಂತ ಹೋದದ್ದು ವೇರಿಯಬಲ್ಲಿನಲ್ಲೇ ಮುಳುಗಿರುತ್ತದೆ.

ತೀರ್ಥಹಳ್ಳಿಯಲ್ಲಿ ಸಿಗ್ನಲ್ ಬಂತು, ಜೊತೆಗೆ ಫೋನೂ ಬಂತು. ನೋಟಿಸ್ 90 ದಿನ ಎಂದೆ. ಆ ಕಡೆ ನಿಟ್ಟುಸಿರು. "30ಕ್ಕೆ ಇಳಿಸೋಕಾಗಲ್ವಾ ಸರ್?" ಉಳಿದ 60 ದಿನ ಬಿಡಿಸಿಕೊಳ್ಳಲು ನನ್ನ ಕಂಪನಿಗೆ ದುಡ್ಡು ಯಾರು ಕಟ್ಟುತ್ತಾರೆ ಎಂದು ಕೇಳಿದೆ. "ಅದನ್ನ ಎಚ್‌ಆರ್ ಹೇಳ್ತಾರೆ." ಹಾಗಾದರೆ ಇಷ್ಟು ಹೊತ್ತು ಮಾತಾಡಿದ್ದು ಯಾರು?

ಸಂಜೆ ಮೇಲ್ ಬಂತು. ಕೆಲಸದ ವಿವರ ಇರಲಿಲ್ಲ. ತುಂಬಲು ಒಂದು ಫಾರ್ಮ್ ಇತ್ತು. ಮೊದಲ ಖಾನೆ, ಕರೆಂಟ್ ಸಿಟಿಸಿ.