ಎರಡು ಗಂಟೆಯಲ್ಲಿ ಸಂಪತ್ತಿನ ವೈದ್ಯ

ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಹೋಗಿ ನೋಡಿ. ಉಪ್ಪಿಟ್ಟು, ಕೇಸರಿಬಾತು, ಒಂದು ಫ್ಲೆಕ್ಸು, ಮುಂದೆ ನಿಂತ ಒಬ್ಬ ಮಹನೀಯ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ದಪ್ಪಕ್ಷರದ ‘ಮನಿ ಡಾಕ್ಟರ್’. ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಚಿಕ್ಕದಾಗಿ ಒಂದು ಎಆರ್‌ಎನ್ ನಂಬರು. ಕಾರ್ಡಿನಲ್ಲಿ ನಿಜ ಹೇಳುವುದು ಆ ಚಿಕ್ಕಕ್ಷರ ಮಾತ್ರ: ಇವರು ಮ್ಯೂಚುವಲ್ ಫಂಡ್ ಮಾರುವವರು.

ಮಾರುವುದು ತಪ್ಪೇನಲ್ಲ, ಮರ್ಯಾದೆಯ ಕಸುಬೇ. ಆದರೆ ಮಾರುತ್ತೇನೆ ಅನ್ನಲು ನಮ್ಮೂರಲ್ಲಿ ಯಾರಿಗೂ ಮನಸ್ಸಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2020ರಲ್ಲೇ, ತನ್ನಲ್ಲಿ ಸಲಹೆಗಾರರಾಗಿ ನೋಂದಾಯಿಸದೆ ಫಂಡ್ ವಿತರಿಸುವವರು ‘ಇಂಡಿಪೆಂಡೆಂಟ್ ಫೈನಾನ್ಷಿಯಲ್ ಅಡ್ವೈಸರ್’, ‘ವೆಲ್ತ್ ಅಡ್ವೈಸರ್’ ಅಥವಾ ಅಂಥದ್ದೇ ಇನ್ನಾವ ಹೆಸರನ್ನೂ ಹಾಕಿಕೊಳ್ಳಬಾರದು ಎಂದಿತು. ನಮ್ಮವರು ತಲೆ ಬಾಗಿ ಒಪ್ಪಿ, ‘ಅಡ್ವೈಸರ್’ ಹೊಡೆದು ಹಾಕಿ ಕೋಚ್, ಗುರು, ಡಾಕ್ಟರ್ ಆದರು.

ಸೆಬಿಯ ತರಬೇತಿ ಸಂಸ್ಥೆ ನಡೆಸುವ ಈ ಡಾಕ್ಟರಿಕೆಯ ಪರೀಕ್ಷೆಯ ಹೆಸರು ಎನ್‌ಐಎಸ್‌ಎಂ ಸೀರೀಸ್ 5-ಎ. ನೂರು ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ, ಎರಡು ಗಂಟೆ. ಐವತ್ತು ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸ್ವಲ್ಪ ಲೆಕ್ಕ ಹಾಕಿ: ಮೂವತ್ತನಾಲ್ಕಕ್ಕೆ ಸರಿಯಾದ ಉತ್ತರ ಗೊತ್ತಿದೆ, ಉಳಿದ ಅರವತ್ತಾರನ್ನು ಬನಶಂಕರಮ್ಮನ ಮೇಲೆ ಭಾರ ಹಾಕಿ ಒತ್ತಿದಿರಿ. ನಾಲ್ಕು ಆಯ್ಕೆಗಳಲ್ಲಿ ಒಂದರಂತೆ ಸರಾಸರಿ ಹದಿನಾರೂವರೆ ಅಂಕ ಹಾಗೇ ಬರುತ್ತದೆ. ಒಟ್ಟು ಐವತ್ತೂವರೆ. ಅಂದರೆ ಪಠ್ಯದ ಮೂರನೇ ಒಂದು ಭಾಗ ಓದಿದವರಿಗೂ ಪಾಸಾಗುವ ಅವಕಾಶ ಅರ್ಧಕ್ಕರ್ಧ. ಆಮೇಲೆ ಫಂಡ್ ಕಂಪನಿಗಳ ಸಂಘವಾದ ಆಂಫಿಯಲ್ಲಿ ನೋಂದಣಿ ಮಾಡಿಸಿ ಎಆರ್‌ಎನ್ ಪಡೆದರೆ ಅಂಗಡಿ ತೆರೆದಂತೆ. ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ.

ಈ ಪರೀಕ್ಷೆಯನ್ನು ಹೀಗಳೆಯುವ ಉದ್ದೇಶವಿಲ್ಲ. ಫಂಡ್ ಅಂದರೇನು, ಅದರ ಒಂದು ಯೂನಿಟ್ಟಿನ ಬೆಲೆಯಾದ ಎನ್‌ಎವಿ ಹೇಗೆ ಬರುತ್ತದೆ, ಕೆವೈಸಿ, ನಾಮಿನಿ, ತೆರಿಗೆ ಇವನ್ನು ಅದು ಚೆನ್ನಾಗಿಯೇ ಕಲಿಸುತ್ತದೆ. ಅದು ಕೇಳದ್ದು ಬೇರೆ: ಸಾಲ, ವಿಮೆ, ಪಿಂಚಣಿ, ಮಕ್ಕಳ ಓದು ಎಲ್ಲವನ್ನೂ ಒಟ್ಟಿಗೆ ಹರವಿಕೊಂಡು ಒಂದು ಮನೆಗೆ ದಾರಿ ಹೇಳುವುದು. ಅದನ್ನು ಕೇಳುವುದು ಸಲಹೆಗಾರರ ಪರೀಕ್ಷೆಗಳಾದ 10-ಎ ಮತ್ತು 10-ಬಿ. ಒಂದೊಂದೂ 150 ಅಂಕ, ಮೂರು ಗಂಟೆ, ಪಾಸಿಗೆ ಶೇ 60. ಕಲ್ಪಿತ ಕುಟುಂಬಗಳ ಲೆಕ್ಕ ಕೊಟ್ಟು ಬಿಡಿಸಲು ಹೇಳುತ್ತಾರೆ. ತಪ್ಪಾದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಹೋಗುತ್ತದೆ, ಹಾಗಾಗಿ ಕಣ್ಣು ಮುಚ್ಚಿ ಒತ್ತಿದ ಒಂದಂಕದ ಹದಿನಾರು ಪ್ರಶ್ನೆಗೆ ಸರಾಸರಿ ಸಿಗುವುದು ಒಂದೇ ಅಂಕ. ಇಲ್ಲಿ ಬನಶಂಕರಮ್ಮನೂ ಕೈ ಚೆಲ್ಲುತ್ತಾಳೆ. ಕ್ಲಬ್‌ಹೌಸಿನ ಫ್ಲೆಕ್ಸುಗಳಲ್ಲಿ ಈ ಎರಡರ ಹೆಸರು ಅಪರೂಪವಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ವಿಜಯನಗರದ ಒಂದು ಮನೆ. ಗಂಡ ನಿವೃತ್ತಿಯ ಹೊಸ್ತಿಲಲ್ಲಿ, ಫಂಡುಗಳಲ್ಲಿ 25 ಲಕ್ಷ, ಎಲ್ಲವೂ ವಿತರಕರ ಮೂಲಕ ಕೊಂಡ ರೆಗ್ಯುಲರ್ ಪ್ಲಾನ್.

‘ಏನಪ್ಪಾ, ನಿನ್ನ ಫೀಸು ಎಷ್ಟು?’

‘ಛೇ ಛೇ, ನಿಮ್ಮ ಹತ್ರ ಫೀಸು ತಗೊಳ್ತೀನಾ ಅಂಕಲ್? ಸರ್ವೀಸು ಪೂರ್ತಿ ಫ್ರೀ.’

ಈ ‘ಫ್ರೀ’ ಎಷ್ಟೆಂದು ನೋಡೋಣ. ರೆಗ್ಯುಲರ್ ಪ್ಲಾನಿನ ಖರ್ಚು, ಫಂಡ್ ಕಂಪನಿಯಿಂದ ನೇರವಾಗಿ ಕೊಳ್ಳುವ ಡೈರೆಕ್ಟಿಗಿಂತ ಶೇ 0.8 ಜಾಸ್ತಿ ಎಂದಿಟ್ಟುಕೊಂಡರೆ ವರ್ಷಕ್ಕೆ 20,000 ರೂಪಾಯಿ. ಅದು ಬಿಲ್ಲಾಗಿ ಬರುವುದಿಲ್ಲ, ಎನ್‌ಎವಿಯಲ್ಲೇ ದಿನಾ ಚೂರುಚೂರು ಕಳೆದುಹೋಗುತ್ತದೆ. ಅದರಲ್ಲಿ ಬಹುಪಾಲು ವಿತರಕರಿಗೆ ಟ್ರೇಲ್ ಕಮಿಷನ್ ಆಗಿ ಸೇರುತ್ತದೆ. ಹಣ ಅಲ್ಲಿರುವಷ್ಟು ವರ್ಷವೂ ಸಿಗುತ್ತದೆ, ಹಣ ಬೆಳೆದರೆ ಅದೂ ಬೆಳೆಯುತ್ತದೆ. ಆದ್ದರಿಂದ ಇದೇ ಅಂಕಲ್ ‘ಮನೆ ಸಾಲ ಇನ್ನೂ ಹತ್ತು ಲಕ್ಷ ಇದೆ, ಫಂಡ್ ಮುರಿದು ತೀರಿಸಿಬಿಡಲಾ?’ ಎಂದು ಕೇಳಿದ ದಿನ ಡಾಕ್ಟರಿಗೆ ಕೆಮ್ಮು ಬರುತ್ತದೆ. ‘ಹೂಂ’ ಅಂದರೆ ವರ್ಷಕ್ಕೆ ಸುಮಾರು ಎಂಟು ಸಾವಿರದ ಗಂಟು ಹೋಯಿತು. ಮನುಷ್ಯ ಒಳ್ಳೆಯವನೇ ಇರಬಹುದು. ಆದರೆ ಉತ್ತರ ಯಾವ ಕಡೆ ವಾಲಿದರೆ ತನಗೆ ಲಾಭ ಎಂಬುದು ಅವನಿಗೂ ಗೊತ್ತು.

ಇದೇ ಮನೆ ಸೆಬಿ ನೋಂದಾಯಿತ ಸಲಹೆಗಾರರ ಬಳಿ ಹೋಗಿ ವರ್ಷಕ್ಕೆ, ಉದಾಹರಣೆಗೆ, 15,000 ಕೊಟ್ಟು, ಹಣವನ್ನು ಡೈರೆಕ್ಟಿನಲ್ಲಿ ಇಟ್ಟರೆ ಐದು ಸಾವಿರ ಉಳಿಯುತ್ತದೆ, ಸಾಲದ ಪ್ರಶ್ನೆಗೆ ಕೆಮ್ಮಿಲ್ಲದ ಉತ್ತರವೂ ಸಿಗುತ್ತದೆ. ಆದರೆ ಮರುದಿನವೇ ಎಲ್ಲವನ್ನೂ ಡೈರೆಕ್ಟಿಗೆ ಬದಲಿಸಿ ಎನ್ನುವ ಸಲಹೆಗಾರರಿದ್ದರೆ ಅವರ ಬಗ್ಗೆಯೂ ಹುಷಾರು. ಆ ಬದಲಾವಣೆ ತೆರಿಗೆಯ ಕಣ್ಣಲ್ಲಿ ಮಾರಾಟವೇ, ಲಾಭದ ಮೇಲೆ ತೆರಿಗೆ, ಕೆಲವು ಕಡೆ ಬೇಗ ಹೊರಬಂದದ್ದಕ್ಕೆ ಎಕ್ಸಿಟ್ ಲೋಡು ಬೀಳುತ್ತದೆ.

ಹಾಗಾದರೆ ವಿತರಕರು ಯಾರಿಗೂ ಬೇಡವೇ? ಬೇಕು. ಪೀಣ್ಯದ ಕಾರ್ಖಾನೆಯ ಹುಡುಗಿ ತಿಂಗಳಿಗೆ 5,000ದ ಎಸ್‌ಐಪಿ ಶುರು ಮಾಡಿದರೆ ಮೊದಲ ವರ್ಷ ಅವಳ ಹಣ ಸರಾಸರಿ 32,500ರ ಆಸುಪಾಸು, ಹೆಚ್ಚುವರಿ ಖರ್ಚು ಸುಮಾರು 260 ರೂಪಾಯಿ. ಅಷ್ಟಕ್ಕೆ ಯಾರೋ ಮನೆ ಬಾಗಿಲಿಗೆ ಬಂದು ಕೆವೈಸಿ ಮಾಡಿಸಿ, ಮಾರ್ಕೆಟ್ ಬಿದ್ದಾಗ ‘ಮಾರಬೇಡಮ್ಮ’ ಅಂದರೆ ಅಗ್ಗವೇ. ಅವಳಿಗೆ 15,000 ಫೀಸಿನ ಸಲಹೆಗಾರ ಭಾರ.

ಆದ್ದರಿಂದ ಕುಟುಂಬಗಳ ಉಳಿತಾಯಕ್ಕೆ ದಾರಿ ಹೇಳಬೇಕೆಂದಿರುವವರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದ್ದು ದುಡ್ಡು ಯಾರಿಂದ ಬರಬೇಕು ಎಂದು. ಫಂಡ್ ಕಂಪನಿಯಿಂದ ಎಂದಾದರೆ 5-ಎ, ಎಆರ್‌ಎನ್. ಕುಟುಂಬದಿಂದ ಎಂದಾದರೆ 10-ಎ, 10-ಬಿ ಎರಡೂ, ಪದವಿ, ಜೊತೆಗೆ ಸೆಬಿ ನೋಂದಣಿ. ಸಿಎಫ್‌ಪಿ ಎಂಬ ಹಣಕಾಸು ಯೋಜಕರ ಕೋರ್ಸು ಕಲಿಯಲು ಒಳ್ಳೆಯದು, ಹಣಕಾಸು ಯೋಜನೆಯನ್ನು ಮೊದಲಿಂದ ಕೊನೆಯವರೆಗೆ ಬರೆಸಿ ನೋಡುತ್ತಾರೆ. ಆದರೆ ಅದು ಬಿರುದು, ಲೈಸೆನ್ಸ್ ಅಲ್ಲ. ಹೆಸರಿನ ಮುಂದೆ ಅದಿದೆ ಎಂದು ಹೂಡಿಕೆ ಸಲಹೆಗೆ ಫೀಸು ತಗೊಳ್ಳುವಂತಿಲ್ಲ.

2024ರ ಡಿಸೆಂಬರಿನ ತಿದ್ದುಪಡಿಯಿಂದ ಸಲಹೆಗಾರರ ದಾರಿ ಸಲೀಸಾಗಿದೆ. ಅನುಭವದ ವರ್ಷಗಳ ಷರತ್ತು ಹೋಯಿತು. 150 ಗ್ರಾಹಕರವರೆಗೆ ಒಂದು ಲಕ್ಷದ ಠೇವಣಿ ಇಟ್ಟರೆ ಸಾಕು, ಬೇರೆ ಉದ್ಯೋಗದಲ್ಲಿದ್ದುಕೊಂಡೇ 75 ಗ್ರಾಹಕರವರೆಗೆ ಸಲಹೆ ಕೊಡಬಹುದು. ಆದರೆ ಗ್ರಾಹಕರೊಂದಿಗೆ ಒಪ್ಪಂದ, ರಿಸ್ಕ್ ಪ್ರೊಫೈಲು, ಕೊಟ್ಟ ಸಲಹೆಯ ದಾಖಲೆ, ವರ್ಷಕ್ಕೊಮ್ಮೆ ಆಡಿಟ್ಟು ತಪ್ಪಿದ್ದಲ್ಲ. ಡಾಕ್ಟರುಗಳಿಗೆ ಜ್ವರ ಬರುವುದು ಈ ಸಾಲನ್ನು ಓದಿದಾಗ.

ಎರಡೂ ಬೇಕು ಎನ್ನುವ ಜಾಣರೂ ಇದ್ದಾರೆ. ಒಂದೇ ಕುಟುಂಬಕ್ಕೆ ಒಬ್ಬರೇ ಸಲಹೆಯನ್ನೂ ಕೊಟ್ಟು ಕಮಿಷನ್ನಿನ ಫಂಡನ್ನೂ ಮಾರುವಂತಿಲ್ಲ ಎಂದಾಗ, ಫೀಸಿಗೆ ತಾನು, ಎಆರ್‌ಎನ್‌ಗೆ ಹೆಂಡತಿ ಎಂಬ ದಾಂಪತ್ಯ ಯೋಜನೆ ಹುಟ್ಟಿತು. ಸೆಬಿ ಅದನ್ನೂ ನೋಡಿಕೊಂಡಿದೆ: ಸಲಹೆಗಾರ ಸಲಹೆ ಕೊಟ್ಟ ಗ್ರಾಹಕರಿಗೆ ಅವನ ಮನೆಯವರು ಫಂಡ್ ವಿತರಿಸುವಂತಿಲ್ಲ.

ಅಂಕಲ್‌ಗೆ ಇಷ್ಟು ಸಾಕು. ಸಲಹೆಗಾರರ ನೋಂದಣಿ ಸಂಖ್ಯೆ INA ಎಂದು ಶುರುವಾಗುತ್ತದೆ, ಸೆಬಿ ವೆಬ್‌ಸೈಟಿನಲ್ಲಿ ಹುಡುಕಬಹುದು. ಫಂಡಿನ ಹೆಸರಿನಲ್ಲಿ ‘ರೆಗ್ಯುಲರ್’ ಇದೆಯೋ ‘ಡೈರೆಕ್ಟ್’ ಇದೆಯೋ ನೋಡಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ ಬರುವ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟಿನಲ್ಲಿ ವಿತರಕರಿಗೆ ಸಂದ ಕಮಿಷನ್ನನ್ನು ರೂಪಾಯಿ ಲೆಕ್ಕದಲ್ಲೇ ಬರೆದಿರುತ್ತಾರೆ. ಮುಂದಿನ ಸಲ ‘ಪೂರ್ತಿ ಫ್ರೀ’ ಅಂದಾಗ ಆ ಪುಟ ಬಿಡಿಸಿ ಮುಂದಿಡಲಿ.