ಬರುವಾಗ ಕಸಿ ಕಡ್ಡಿ ತನ್ನಿ

ಕಾರ್ಯಾಗಾರಕ್ಕೆ ಬರುವವರಿಗೆ ಕಳಿಸುವ ಮೇಲ್‌ನಲ್ಲಿ ಇರುವುದು ನಾಲ್ಕೇ ಸಂಗತಿ. ಎಲ್ಲಿ, ಎಷ್ಟು ಹೊತ್ತಿಗೆ, ಏನು ತರಬೇಕು, ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು. ಟೀ ಕುಡಿಯುತ್ತಾ ಬರೆದು ಮುಗಿಸಬಹುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಶ್ರೀನಿವಾಸಪುರದ ಕಡೆ ಮಾವಿನ ಕಸಿ ಕಲಿಸುವ ಒಂದು ಪುಟ್ಟ ಬಳಗ ನಮ್ಮದು. ಚಾಕು ಹಿಡಿಯುವ ಕೆಲಸ ನಮ್ಮ ಮೇಷ್ಟ್ರದ್ದು, ಮೇಲ್ ಬರೆಯುವ ಕೆಲಸ ನನ್ನದು. ಯಾವುದು ಕಷ್ಟ ಅಂತ ಕೇಳಿದರೆ ಮೇಷ್ಟ್ರು ಸುಮ್ನೆ ನಗುತ್ತಾರೆ.

ಬೇರೆ ಕಾರ್ಯಾಗಾರಗಳಿಗೆ ಮೂರು ದಿನ ಮುಂಚೆ ಮೇಲ್ ಹೋದರೂ ನಡೆಯುತ್ತದೆ. ಪೆನ್ನು, ನೋಟ್ ಬುಕ್, ಲ್ಯಾಪ್‌ಟಾಪ್ ಮನೆಯಲ್ಲೇ ಇರುತ್ತವೆ. ಮಾವಿಗೆ ಹಾಗಲ್ಲ. ಇಲ್ಲಿ ತರಬೇಕಾದದ್ದು ಕಸಿ ಕಡ್ಡಿ, ಅಂದರೆ ಸಸಿಗೆ ಕೂಡಿಸಲು ಬೇಕಾದ ಜಾತಿಯ ಮರದಿಂದ ತೆಗೆಯುವ ರೆಂಬೆಯ ತುದಿ. ಅದು ಇರುವುದು ಮರದ ಮೇಲೆ. ಬೆಳಗ್ಗೆ ಎದ್ದು ಕೊಂಬೆ ಕತ್ತರಿಸಿಕೊಂಡು ಬಸ್ ಹತ್ತಿದರೆ ಆಗುವುದಿಲ್ಲ. ಏಳರಿಂದ ಹತ್ತು ದಿನ ಮುಂಚೆ, ಕಡ್ಡಿ ಮರದ ಮೇಲಿರುವಾಗಲೇ, ಅದರ ಎಲೆ ಸವರಬೇಕು. ಎಲೆಯ ತೊಟ್ಟು ಮಾತ್ರ ಉಳಿಯಬೇಕು. ಎಲೆ ಹೋದ ಮೇಲೆ ತುದಿಯ ಮೊಗ್ಗು ಉಬ್ಬಲು ಶುರುವಾಗುತ್ತದೆ. ಒಂದು ವಾರ ಕಳೆದರೆ ಉಳಿದ ತೊಟ್ಟುಗಳು ಹಳದಿಯಾಗಿ, ಬೆರಳು ತಾಗಿದರೆ ಉದುರುತ್ತವೆ. ಆಗ ಕಡ್ಡಿ ಹದಕ್ಕೆ ಬಂದಿದೆ ಅಂತ. ತೊಟ್ಟು ಇನ್ನೂ ಹಸಿರಾಗಿ ಗಟ್ಟಿಯಾಗಿ ಕೂತಿದ್ದರೆ ಕಾಯಬೇಕು. ಮೊಗ್ಗು ಒಡೆದು ತಾಮ್ರದ ಬಣ್ಣದ ಚಿಗುರು ಇಣುಕಿದ್ದರೆ ಆ ಕಡ್ಡಿ ಕೈಬಿಟ್ಟ ಹಾಗೆ.

ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಬೇಕು. ಕಾರ್ಯಾಗಾರ ಜುಲೈ 19, ಭಾನುವಾರ ಅಂತ ಇಟ್ಟುಕೊಳ್ಳಿ. ಕಡ್ಡಿ ಕತ್ತರಿಸುವುದು 18ರ ಸಂಜೆ. ಎಲೆ ಸವರುವುದು 9 ಅಥವಾ 10ಕ್ಕೆ. ಅಂದರೆ ಮೇಲ್ 5ನೇ ತಾರೀಕಿಗೇ ಹೋಗಿರಬೇಕು. ಯಾಕೆ ಅಷ್ಟು ಮುಂಚೆ ಅಂದರೆ, ಮೇಲ್ ಓದುವವನು ಮಗ, ಇರುವುದು ಬೆಂಗಳೂರಿನಲ್ಲಿ. ಮರ ಇರುವುದು ಊರಲ್ಲಿ, ಅಪ್ಪನ ಹತ್ತಿರ. ಮಗ ಓದಬೇಕು, ಅದನ್ನು ವಾಟ್ಸಾಪ್‌ಗೆ ಹಾಕಬೇಕು, ಅಪ್ಪ ಅದನ್ನು ನೋಡಬೇಕು, ಅಪ್ಪನಿಗೆ ಇದೆಲ್ಲ ನಿಜ ಅನ್ನಿಸಬೇಕು. 'ಇರೋ ಎಲೇನೆಲ್ಲಾ ಕಿತ್ತರೆ ಗಿಡ ಬದುಕ್ತದೇನೋ' ಅಂತ ಅವರು ಒಂದು ಸಲ ಬೈಯಲೂಬೇಕು. ಇದಕ್ಕೆಲ್ಲ ನಾಲ್ಕು ದಿನ ಜಾಸ್ತಿಯೇನಲ್ಲ.

ಅಪ್ಪನಿಗೆ ಫಾರ್ವರ್ಡ್ ಆಗುವ ಮೇಲ್ ಅಂದ ಮೇಲೆ ಅದನ್ನು ಅಪ್ಪ ಓದುವ ಹಾಗೇ ಬರೆಯಬೇಕು, ಅಲ್ವಾ? ಲೆಟರ್‌ಹೆಡ್‌ನಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸುವವರು ಇನ್ನೂ ಇದ್ದಾರೆ. ಫೋನ್‌ನಲ್ಲಿ ತೆರೆದರೆ 'ಕನ್ನಡ' ಇದ್ದ ಜಾಗದಲ್ಲಿ `PÀ£ÀßqÀ` ಅಂತ ಕಾಣುತ್ತದೆ. ಇನ್ನು ಕೆಲವರು ಪತ್ರದ ಫೋಟೋ ತೆಗೆದು ಕಳಿಸುತ್ತಾರೆ. ಓದಲು ಬರುತ್ತದೆ, ಆದರೆ ಅದರಲ್ಲಿರುವ ನಂಬರ್ ಒತ್ತಿದರೆ ಎಷ್ಟೋ ಫೋನ್‌ಗಳಲ್ಲಿ ಕರೆ ಹೋಗುವುದಿಲ್ಲ. ಯೂನಿಕೋಡ್‌ನಲ್ಲಿ, ಮೇಲ್ ಒಳಗೇ, ಬಿಡಿ ಸಾಲುಗಳಾಗಿ ಬರೆಯುವುದೇ ವಾಸಿ.

'ಕಸಿ ಕಡ್ಡಿ ತನ್ನಿ' ಅಂತ ಬರೆದು ಬಿಟ್ಟರೆ ಹೆಬ್ಬೆಟ್ಟು ದಪ್ಪದ ಕೊಂಬೆ ಬರುತ್ತದೆ. ಒಬ್ಬರಂತೂ ಒಂದು ಕಂತೆ ಹೊತ್ತು ತಂದಿದ್ದರು, ಬೇಲಿಗೆ ಆಗುವಂಥದ್ದು. ನಾವು ಮಾಡುವುದು ಮೃದುಕಾಂಡ ಕಸಿ. ವಾಟೆಯಿಂದ ಹುಟ್ಟಿದ ಸಸಿಯ ಎಳೆ ಕಾಂಡವನ್ನು ಸೀಳಿ, ಬೆಣೆಯ ಹಾಗೆ ಕೆತ್ತಿದ ಕಡ್ಡಿಯನ್ನು ಅದರೊಳಗೆ ಕೂರಿಸುವುದು. ಎರಡರ ಸಿಪ್ಪೆಗೆ ಸಿಪ್ಪೆ ಕೂಡಬೇಕಾದರೆ ದಪ್ಪವೂ ಹೆಚ್ಚುಕಡಿಮೆ ಒಂದೇ ಇರಬೇಕು. ಆದ್ದರಿಂದ ಮೇಲ್‌ನಲ್ಲಿ ಹೀಗೆ ಬರೆಯುತ್ತೇನೆ: 'ಪೆನ್ಸಿಲ್ ದಪ್ಪ, ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದು, ಮೂರು ನಾಲ್ಕು ತಿಂಗಳ ರೆಂಬೆಯ ತುದಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರ್‌ನಲ್ಲಿಡಿ. ನೀರಲ್ಲಿ ಮುಳುಗಿಸಬೇಡಿ. ಬಸ್ಸಲ್ಲಿ ಬಿಸಿಲು ಬೀಳುವ ಕಡೆ ಇಡಬೇಡಿ.' ಇನ್ನೊಂದು ಸಾಲು ಮೇಷ್ಟ್ರು ಸೇರಿಸಿದ್ದು: 'ಜಾತಿಯ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದು ಕಟ್ಟಿ.' ಪೆನ್ನಾದರೆ ಒದ್ದೆ ಬಟ್ಟೆಯೊಳಗೆ ಇಂಕು ಹರಡಿ ಹೋಗುತ್ತದೆ. ಎಲೆ ಸವರಿದ ಮೇಲೆ ಬಾದಾಮಿ ಯಾವುದು, ತೋತಾಪುರಿ ಯಾವುದು ಅಂತ ಹೇಳುವುದು ಸುಲಭವಲ್ಲ. ತಪ್ಪಿದರೆ ಗೊತ್ತಾಗುವುದು ನಾಲ್ಕೈದು ವರ್ಷ ಆದ ಮೇಲೆ, ಕಾಯಿ ಬಿಟ್ಟಾಗ.

ಏನು ತರಬೇಡಿ ಅನ್ನುವುದನ್ನೂ ಬರೆಯಬೇಕು. ಸಸಿ, ಪ್ಲಾಸ್ಟಿಕ್ ಪಟ್ಟಿ ನಾವೇ ಕೊಡುತ್ತೇವೆ ಅಂತ ಹೇಳದಿದ್ದರೆ ಮಣ್ಣಿನ ಪ್ಯಾಕೆಟ್ ಸಮೇತ ಸಸಿ ಮಡಿಲಲ್ಲಿಟ್ಟುಕೊಂಡು ಬರುವ ಪುಣ್ಯಾತ್ಮರಿದ್ದಾರೆ. ಚಾಕುವಿನದು ಇನ್ನೊಂದು ಕತೆ. ಊರಿನವರು ತರಲಿ, ಕೈಗೆ ಒಗ್ಗಿದ ಚಾಕು ಒಳ್ಳೆಯದೇ. ಬೆಂಗಳೂರಿನಿಂದ ಮೆಟ್ರೋದಲ್ಲಿ ಕೆ.ಆರ್. ಪುರದವರೆಗೆ ಬಂದು ಕೋಲಾರದ ಬಸ್ ಹಿಡಿಯುವವರು ಮಾತ್ರ ತರಬಾರದು. ಬ್ಯಾಗು ಸ್ಕ್ಯಾನರ್ ಒಳಗೆ ಹೋದಾಗ ಕಸಿ ಚಾಕುವನ್ನು ಸೆಕ್ಯುರಿಟಿಯವರಿಗೆ ವಿವರಿಸುವುದು ಯಾರಿಗೂ ಬೇಡ.

ಜಾಗದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಶ್ರೀನಿವಾಸಪುರದಲ್ಲಿ 'ಮಾವಿನ ತೋಟದ ಪಕ್ಕ' ಅಂತ ಗುರುತು ಹೇಳಿದರೆ ಗುರುತೇ ಹೇಳದ ಹಾಗೆ. ಮ್ಯಾಪ್ ಪಿನ್ ಹಾಕುವುದಾದರೆ ತೋಟದ ನಡುವಿನ ಬೋರ್‌ವೆಲ್ ಮೇಲೆ ಹಾಕಬಾರದು, ಗೇಟಿನ ಮೇಲೆ ಹಾಕಬೇಕು. ಇಲ್ಲದಿದ್ದರೆ ಫೋನ್ ಜನರನ್ನು ಹಿಂದಿನ ಬೇಲಿಗೆ ಕರೆದೊಯ್ದು 'ತಲುಪಿದಿರಿ' ಅನ್ನುತ್ತದೆ. ಕೋಲಾರದಿಂದ ಇಲ್ಲಿಗೆ ಸುಮಾರು 25 ಕಿಲೋಮೀಟರ್. ಆದರೆ ಜುಲೈ ಅಂದರೆ ಮಾವಿನ ಮಂಡಿಯ ಕಾಲ. ತೋತಾಪುರಿ ತುಂಬಿದ ಟ್ರಾಕ್ಟರು, ಲಾರಿ ಸಾಲುಗಟ್ಟಿದರೆ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. 'ಎಂಟೂವರೆಗೆ ತಿಂಡಿ, ಒಂಬತ್ತಕ್ಕೆ ಮೊದಲ ಕಸಿ' ಅಂತ ಎರಡೂ ಬರೆಯುತ್ತೇನೆ. ಬರೀ ಒಂಬತ್ತು ಅಂತ ಬರೆದರೆ ಒಂಬತ್ತಕ್ಕೆ ಮನೆ ಬಿಡುತ್ತಾರೆ. ಮಧ್ಯಾಹ್ನ ಮುದ್ದೆ, ಬಸ್ಸಾರು ಅಂತಲೂ ಬರೆದಿರುತ್ತೇನೆ. ಯಾರೂ ಮರೆಯದೆ ಓದುವ ಸಾಲು ಅದೊಂದೇ.

ಇನ್ನು ಫೋನ್ ನಂಬರ್. ಮೊದಲೆಲ್ಲ ಮೇಷ್ಟ್ರ ನಂಬರೇ ಇರುತ್ತಿತ್ತು, ಅವರೇ ಮುಖ್ಯ ಅಂತ. ಅವರ ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕೆತ್ತಿದ ಕಡ್ಡಿ. ಕೆತ್ತಿದ್ದು ಒಣಗುವ ಮುಂಚೆ ಸೀಳಿನೊಳಗೆ ಹೋಗಬೇಕು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಈಗ ಎರಡು ನಂಬರ್ ಕೊಡುತ್ತೇವೆ. 18ರ ರಾತ್ರಿವರೆಗೆ ಕಡ್ಡಿಯ ಬಗ್ಗೆ ಏನೇ ಅನುಮಾನವಿದ್ದರೂ ಮೇಷ್ಟ್ರಿಗೆ, ತೊಟ್ಟಿನ ಫೋಟೋ ಸಮೇತ. 19ರ ಬೆಳಗ್ಗೆ ದಾರಿ ತಪ್ಪಿದರೆ ಗೇಟಿನ ಹತ್ತಿರ ನಿಂತಿರುವ ನಮ್ಮ ಹುಡುಗನಿಗೆ. ಅವನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ದಾರಿ ಮುಗಿಸುತ್ತಾನೆ. ಬೆಂಗಳೂರಿನವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ, ಆಮೇಲೆ ಸರಿಯಾಗಿ ಬಂದು ಸೇರುತ್ತಾರೆ.

ಇಷ್ಟೆಲ್ಲ ಬರೆದು ಕಳಿಸಿದ ಹತ್ತು ನಿಮಿಷಕ್ಕೆ ಮೊದಲ ಉತ್ತರ ಬರುತ್ತದೆ: 'ಸಾರ್, ನಮ್ಮದು ಮಾವಿನ ಮರ ಇಲ್ಲ, ಸಪೋಟ ತರಬಹುದಾ?'