ಕಾಲರ್ ಒಂದೇ, ಎದೆ ಬೇರೆ

ಬೆಳಿಗ್ಗೆ ಕಾಲೇಜಿಗೆ ಹೊರಡುವ ಹೊತ್ತಿಗೆ ಆ ಬಟ್ಟೆ ಕಂಪನಿಯಿಂದ ಎರಡನೆಯ ಉತ್ತರ ಬಂತು. ಓದಿದ ಮೇಲೆ ಕಾಫಿ ಆರಿಹೋಯಿತು, ನನ್ನ ಸಿಟ್ಟು ಮಾತ್ರ ಆರಲಿಲ್ಲ. ‘ನಮ್ಮ ಅಳತೆ ಸರಿಯಾಗಿದೆ. ಒಗೆತದಿಂದ ಬಟ್ಟೆ ಕುಗ್ಗಿರಬಹುದು ಅಥವಾ ತಮ್ಮ ದೇಹದ ಅಳತೆ ಬದಲಾಗಿರಬಹುದು’ ಎಂದು ಬರೆದಿದ್ದಾರೆ. ನಾನು ಕಳುಹಿಸಿದ್ದ ಆರು ಫೋಟೋಗಳ ಬಗ್ಗೆ ಒಂದು ಮಾತೂ ಇಲ್ಲ.

ನಡೆದದ್ದು ಇಷ್ಟು. ಕಳೆದ ತಿಂಗಳು ಒಂದೇ ಆರ್ಡರಿನಲ್ಲಿ ಎರಡು ಶರ್ಟ್ ತರಿಸಿದೆ, ಒಂದು ಬಿಳಿ, ಒಂದು ತಿಳಿನೀಲಿ. ಎರಡೂ ಒಂದೇ ಬಗೆಯ ಹತ್ತಿ. ಎರಡರ ಕೊರಳ ಹಿಂದೆಯೂ ‘40, ರೆಗ್ಯುಲರ್ ಫಿಟ್’ ಎಂಬ ಚೀಟಿ. ಹೊಸ ಬಟ್ಟೆಯನ್ನು ಒಗೆಯದೆ ತೊಡುವ ಅಭ್ಯಾಸ ನನಗಿಲ್ಲ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಸಿ ಒಗೆದೆ. ಮಡಿಕೇರಿಯ ಜುಲೈ ತಿಂಗಳು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಅಡುಗೆಮನೆಯ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮೂರು ದಿನ ಅಕ್ಕಪಕ್ಕ ನೇತಾಡಿ ಒಣಗಿದವು. ಬಿಳಿಯದು ಹಾಯಾಗಿ ಕೂತಿತು. ನೀಲಿಯದನ್ನು ತೊಟ್ಟು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಎದೆಯ ಮೂರನೆಯ ಗುಂಡಿಯ ಹತ್ತಿರ ಬಟ್ಟೆ ಬಾಯಿ ತೆರೆಯಿತು, ಕಂಕುಳು ಹಿಡಿಯಿತು. ಅರವತ್ತು ಮಕ್ಕಳ ಮುಂದೆ ಅರ್ಧ ಗಂಟೆ ಕೈ ಇಳಿಸಿಕೊಂಡೇ ಪಾಠ ಮಾಡಿದೆ.

ಅಪ್ಪನ ಟೈಲರ್ ಅಂಗಡಿ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಹಲವರ ಶಾಲೆಯ ಸಮವಸ್ತ್ರ ಅಲ್ಲಿಯೇ ಹೊಲಿದದ್ದು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಪ್ಪನ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ನಾನು ರೆಡಿಮೇಡ್ ಕೊಳ್ಳುತ್ತಿರುವುದನ್ನು ಅವರಿಗೆ ಹೇಳಿರಲಿಲ್ಲ. ಹೇಳಲು ಮನಸ್ಸು ಬಂದಿರಲಿಲ್ಲ. ಈ ಸಲ ಬೇರೆ ದಾರಿಯಿರಲಿಲ್ಲ. ಎರಡು ಶರ್ಟುಗಳನ್ನೂ ತಂದು ಅವರ ತೊಡೆಯ ಮೇಲಿಟ್ಟೆ.

ಅಪ್ಪ ಏನೂ ಕೇಳಲಿಲ್ಲ. ಬೆರಳಲ್ಲೇ ತಡವಿ ನೋಡಿ, ‘ಟೇಪು ತಾ’ ಎಂದರು.

ಅಳತೆ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಗುಂಡಿಗಳನ್ನೆಲ್ಲ ಹಾಕಿ ಶರ್ಟನ್ನು ಮೇಜಿನ ಮೇಲೆ ಮಲಗಿಸಬೇಕು. ಸುಕ್ಕು ಬಿಡಿಸಬೇಕು, ಎಳೆಯಬಾರದು. ಕಂಕುಳಿನ ಹೊಲಿಗೆ ಕೂಡುವ ಜಾಗದಿಂದ ಒಂದು ಇಂಚು ಕೆಳಗೆ, ಈ ಬದಿಯಿಂದ ಆ ಬದಿಗೆ ಟೇಪು ಹಿಡಿಯಬೇಕು. ಬಂದದ್ದರ ಎರಡರಷ್ಟು ಎದೆಯ ಸುತ್ತಳತೆ. ಬಿಳಿಯದು 22.75 ಇಂಚು, ಅಂದರೆ ಸುತ್ತ 45.5. ನೀಲಿಯದು 21.5, ಅಂದರೆ ಸುತ್ತ 43. ಒಂದೇ ಚೀಟಿಯ ಕೆಳಗೆ ಎರಡೂವರೆ ಇಂಚಿನ ಅಂತರ! ನನ್ನ ಎದೆ 40 ಇಂಚು. ಮೂರು ಇಂಚಿನ ಸಡಿಲದಲ್ಲಿ ಸುಮ್ಮನೆ ನಿಲ್ಲಬಹುದು, ಕೈ ಎತ್ತಿ ದುಡಿಯಲು ಆಗುವುದಿಲ್ಲ.

ಕಾಲರ್ ಎಷ್ಟು? ಎರಡೂ 40 ಸೆಂಟಿಮೀಟರ್, ಕೂದಲೆಳೆಯ ವ್ಯತ್ಯಾಸವಿಲ್ಲ. ಕಂಪನಿ ‘ಅಳತೆ ಸರಿಯಾಗಿದೆ’ ಎನ್ನುವುದು ಇದನ್ನು ಹಿಡಿದುಕೊಂಡೇ. ಇಂತಹ ಶರ್ಟುಗಳ ಮೇಲಿನ 38, 39, 40, 42 ಎಂಬ ಸಂಖ್ಯೆ ಕೊರಳಪಟ್ಟಿಯ ಸೆಂಟಿಮೀಟರ್ ಅಳತೆ. ನಾವು ಅದನ್ನು ಎದೆಯ ಇಂಚು ಎಂದುಕೊಂಡು ಕೊಳ್ಳುತ್ತೇವೆ. ಎದೆ, ಭುಜ, ಕಂಕುಳು ಎಲ್ಲದರ ಭರವಸೆ ಇರುವುದು ‘ರೆಗ್ಯುಲರ್ ಫಿಟ್’ ಎಂಬ ಎರಡು ಪದಗಳಲ್ಲಿ ಮಾತ್ರ. ಆ ಪದಗಳ ಮುಂದೆ ಒಂದು ಅಂಕಿಯೂ ಇಲ್ಲ. ನನ್ನ ತಕರಾರು ಇದೇ. ಅಂಕಿ ಇಲ್ಲದ ಕಡೆ ಕಂಪನಿ ತನಗೆ ಬೇಕಾದ ಹಾಗೆ ಕತ್ತರಿಸಬಹುದು. ಕೇಳಿದರೆ ನನ್ನ ದೇಹವನ್ನು ದೂರಬಹುದು.

ಇನ್ನು ಕುಗ್ಗುವ ಮಾತು. ಹತ್ತಿ ಕುಗ್ಗುತ್ತದೆ, ಒಪ್ಪುತ್ತೇನೆ. ಆದರೆ ಅದು ಹೇಗೆ ಕುಗ್ಗುತ್ತದೆ ಎಂಬುದನ್ನು ಟೈಲರನ ಮಗನಿಗೆ ಹೇಳಿಕೊಡಬೇಕಿಲ್ಲ. ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟುವುದು ಹಾಸಿನ ನೂಲನ್ನು. ನೀರು ಬಿದ್ದಾಗ ಆ ಬಿಗಿ ಸಡಿಲುತ್ತದೆ. ಹಾಗಾಗಿ ಸಾಮಾನ್ಯವಾಗಿ ಬಟ್ಟೆ ಹೆಚ್ಚು ಕುಗ್ಗುವುದು ಹಾಸಿನ ದಿಕ್ಕಿಗೆ. ಶರ್ಟನ್ನು ಕತ್ತರಿಸುವಾಗ ಹಾಸು ಉದ್ದಕ್ಕೆ ಬರುವಂತೆ ಇಡುತ್ತಾರೆ, ಹೊಕ್ಕು ಅಡ್ಡಕ್ಕೆ ಬರುತ್ತದೆ. ನೀಲಿ ಶರ್ಟು ಎದೆಯಲ್ಲಿ ಎರಡೂವರೆ ಇಂಚು, ಅಂದರೆ ಶೇಕಡಾ ಐದಕ್ಕಿಂತ ಹೆಚ್ಚು ಕುಗ್ಗಿದ್ದರೆ ಉದ್ದದಲ್ಲಿ ಒಂದೂವರೆ ಇಂಚಾದರೂ ಹೋಗಬೇಕಿತ್ತು. ಎರಡರ ಉದ್ದವೂ 30 ಇಂಚು. ಒಂದೇ ನೀರು, ಒಂದೇ ಒಲೆಯ ಬಿಸಿ. ಉದ್ದವನ್ನು ಬಿಟ್ಟು ಎದೆಯನ್ನಷ್ಟೇ ಕುಗ್ಗಿಸುವ ಒಗೆತ ನಮ್ಮ ಮನೆಯಲ್ಲಿಲ್ಲ.

ಹಾಗಾದರೆ ಹೊಲಿಯುವವರ ತಪ್ಪೇ? ನನಗೆ ಮೊದಲು ಹೊಳೆದದ್ದೂ ಅದೇ. ಅಪ್ಪ ಶರ್ಟನ್ನು ತಿರುವಿ ಹಾಕಿ, ಪಕ್ಕದ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿದರು. ಯಂತ್ರದ ಮುಂದೆ ಕೂತವರು ಬಟ್ಟೆಯನ್ನು ಹೆಚ್ಚು ಒಳಗೆ ತೆಗೆದುಕೊಂಡಿದ್ದರೆ, ಎರಡೂವರೆ ಇಂಚು ಹೋಗಲು ನಾಲ್ಕು ಅಂಚುಗಳಲ್ಲಿಯೂ ಅರ್ಧ ಇಂಚಿಗಿಂತ ಹೆಚ್ಚು ಒಳಗೆ ಸೇರಬೇಕು. ಮಡಿಕೆ ದಪ್ಪವಾಗಿ ಕೈಗೆ ಸಿಗಬೇಕು. ಎರಡೂ ಶರ್ಟಿನ ಮಡಿಕೆ ಒಂದೇ ಅಗಲ. ಆಮೇಲೆ ಭುಜ ಹಿಡಿದರು, ನೀಲಿಯದು ಅರ್ಧ ಇಂಚು ಕಡಿಮೆ. ಕಂಕುಳಿನ ಆಳ ಮುಕ್ಕಾಲು ಇಂಚು ಕಡಿಮೆ. ಎಡ ಬಲ ಎರಡೂ ಕಡೆ ಸಮನಾಗಿ ಕಡಿಮೆ.

‘ಇದು ಹೊಲಿಗೆಯ ತಪ್ಪಲ್ಲ ಮಗನೇ, ಕಟಿಂಗೇ ಬೇರೆ. ಬೇರೆ ಪ್ಯಾಟರ್ನ್ ಇಟ್ಟು ಕತ್ತರಿಸಿ ಇದರ ಚೀಟಿ ಹಾಕಿದ್ದಾರೆ’ ಎಂದರು ಅಪ್ಪ.

ಒಳಬದಿಯ ಸಣ್ಣ ಪಟ್ಟಿಯನ್ನು ಓದಿ ಹೇಳಿದೆ. ತಯಾರಾದ ತಿಂಗಳು ಬೇರೆ, ಲಾಟ್ ಸಂಖ್ಯೆಯೂ ಬೇರೆ. ಬೇರೆ ಕಾರ್ಖಾನೆಯಲ್ಲಿ ಹೊಲಿದದ್ದೋ, ಬಿಗಿ ಶರ್ಟಿನ ಕಟ್ಟಿಗೆ ತಪ್ಪು ಚೀಟಿ ಸೇರಿದ್ದೋ, ಅದನ್ನು ಕಂಪನಿಯೇ ಹುಡುಕಬೇಕು. ಲಾಟ್ ಸಂಖ್ಯೆ ಇರುವುದೇ ಅದಕ್ಕೆ. ಮೊದಲ ಮೇಲ್‌ನಲ್ಲಿಯೇ ಎರಡೂ ಸಂಖ್ಯೆ ಬರೆದಿದ್ದೆ. ಟೇಪು ಹಿಡಿದ ಚಿತ್ರಗಳನ್ನೂ ಹಾಕಿದ್ದೆ. ಯಾರೂ ತೆರೆದು ನೋಡಿದಂತಿಲ್ಲ.

ಗೆಳೆಯನೊಬ್ಬ ಹೇಳಿದ, ‘ಸಾವಿರಾರು ಶರ್ಟು ಹೊಲಿಯುವಾಗ ಸ್ವಲ್ಪ ಹೆಚ್ಚುಕಡಿಮೆ ಆಗದೇ ಇರುತ್ತದೆಯೇ?’ ಆಗುತ್ತದೆ. ಪದರದ ಮೇಲೆ ಪದರ ಹಾಸಿ ಕತ್ತರಿಸುವಾಗ ಅಲಗು ಓರೆಯಾಗಿ ಮೇಲಿನ ತುಂಡಿಗೂ ಕೆಳಗಿನದಕ್ಕೂ ತುಸು ಅಂತರ ಬರುತ್ತದೆ. ಎದೆಯ ಸುತ್ತ ಅರ್ಧ ಇಂಚು, ಬಹಳವೆಂದರೆ ಒಂದು ಇಂಚು ಎಂದು ನಾನು ಸಹಿಸುತ್ತೇನೆ. ಎರಡೂವರೆ ಇಂಚು ಎಂದರೆ ಅದು ಇನ್ನೊಂದು ಸೈಜು. ಮತ್ತೊಬ್ಬರು, ಭಾರತೀಯರ ಮೈಗೆ ತಕ್ಕ ಅಳತೆಯೇ ಇನ್ನೂ ನಿಗದಿಯಾಗಿಲ್ಲ, ಅದಕ್ಕೆಂದೇ ನಿಫ್ಟ್ ಸಂಸ್ಥೆ ಆರು ನಗರಗಳಲ್ಲಿ 25,000 ಜನರನ್ನು ಅಳೆಯುವ ಯೋಜನೆ ಹಾಕಿಕೊಂಡಿತು ಎಂದರು. ಒಳ್ಳೆಯ ಕೆಲಸ. ಆದರೆ ನನ್ನ ಜಗಳ ನನ್ನ ಮೈಗೂ ಶರ್ಟಿಗೂ ನಡುವಿನದಲ್ಲ. ಒಂದು ಶರ್ಟಿಗೂ ಅದರ ಜೊತೆಯದಕ್ಕೂ ನಡುವಿನದು. ದೇಶದ ಅಳತೆಪಟ್ಟಿ ಬರುವ ತನಕ ಕಂಪನಿಯ ಸ್ವಂತ ಪಟ್ಟಿಯಾದರೂ ಅದಕ್ಕೆ ನೆನಪಿರಬೇಕಲ್ಲವೇ?

ಅವರ ಅಂಗಡಿಗೆ ಹೋಗಿ ತೊಟ್ಟು ನೋಡಿ ಕೊಳ್ಳಿ ಎನ್ನುವವರಿಗೆ: ನನಗೆ ಅದು ಮೈಸೂರಿನಲ್ಲಿದೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿ ಕೂತು ಕೊಳ್ಳುವವನಿಗೆ ಚೀಟಿಯೇ ಟ್ರಯಲ್ ರೂಮು.

ಈಗಷ್ಟೇ ಮೂರನೆಯ ಮೇಲ್ ಕಳುಹಿಸಿದೆ. ಮೂರೇ ಬೇಡಿಕೆ. ನೀಲಿ ಶರ್ಟಿನ ಲಾಟಿನಿಂದ ಹತ್ತು ಶರ್ಟು ತೆಗೆದು ಎದೆ ಅಳೆದು ನನಗೆ ತಿಳಿಸಿ. ನನ್ನದನ್ನು ಬದಲಿಸಿ ಕೊಡಿ. ಮುಂದೆ ಚೀಟಿಯ ಮೇಲೆ ಕಾಲರ್ ಜೊತೆಗೆ ಸಿದ್ಧ ಶರ್ಟಿನ ಎದೆಯ ಅಳತೆಯನ್ನೂ ಸೆಂಟಿಮೀಟರಿನಲ್ಲಿ ಅಚ್ಚು ಹಾಕಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ ಎಂದೂ ಬರೆದಿದ್ದೇನೆ.

ಮೇಲ್ ಅನ್ನು ಅಪ್ಪನಿಗೆ ಓದಿ ಹೇಳಿದೆ. ಕಂಕುಳಿನ ಆಳ ಬಿಟ್ಟುಹೋಗಿದೆ, ಸೇರಿಸು ಎಂದರು. ಸೇರಿಸಿ ಕಳುಹಿಸಿದೆ.